ಚಾರ್ಟ್ ಸ್ಲೈಡನ್ನು ಮಾತಿನಲ್ಲಿ ವಿವರಿಸುವುದು ಹೇಗೆ? ‘ಯಾವ ಬೆಂಗಳೂರು?’ ಎಂಬ ಪ್ರಶ್ನೆಯಿಂದ ಶುರು ಮಾಡಿ

ನೀರಿನ ಬೇಡಿಕೆ ಬಗ್ಗೆ ಯಲಹಂಕದ ಕಡೆ ಒಂದು ಸಭೆ ಇತ್ತು. ನನ್ನ ಮೂರನೇ ಸ್ಲೈಡ್‌ನಲ್ಲಿ ಇದ್ದದ್ದು ಎರಡೇ ಕಂಬ. ಬೆಂಗಳೂರಿನ ಜನಸಂಖ್ಯೆ 2001ಕ್ಕೆ 43 ಲಕ್ಷ, 2011ಕ್ಕೆ 84 ಲಕ್ಷ. ಮೇಲೆ ದಪ್ಪ ಅಕ್ಷರದಲ್ಲಿ ‘ಹತ್ತೇ ವರ್ಷದಲ್ಲಿ ಬೆಂಗಳೂರು ದುಪ್ಪಟ್ಟು’ ಎಂದು ಬರೆದಿತ್ತು. ನಾನೂ ಅದನ್ನೇ ಜೋರಾಗಿ ಓದಿದೆ. ಮುಂದಿನ ಸ್ಲೈಡಿಗೆ ಹೋಗುವಷ್ಟರಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು.

“ಅಲ್ಲಮ್ಮಾ, ನಾನು 2001ರಲ್ಲೂ ಯಲಹಂಕದಲ್ಲೇ ಇದ್ದೆ. ನಿನ್ನ ಲೆಕ್ಕದಲ್ಲಿ ನಾನು ಆಮೇಲೆ ಬಂದವನಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಗೊತ್ತಿರಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. 2001ರಲ್ಲಿ ಯಲಹಂಕ ಬೇರೆಯೇ ನಗರಸಭೆ. ಬಿಬಿಎಂಪಿ ಆದದ್ದು 2007ರಲ್ಲಿ. ಆಗ ಯಲಹಂಕ, ಕೆ.ಆರ್. ಪುರ, ದಾಸರಹಳ್ಳಿ, ಬೊಮ್ಮನಹಳ್ಳಿ ಸೇರಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಯೊಳಗೆ ಬಂದವು. ಸುಮಾರು 225 ಚದರ ಕಿಲೋಮೀಟರ್ ಇದ್ದ ಪಾಲಿಕೆ 700ಕ್ಕೂ ಜಾಸ್ತಿ ಆಯಿತು. ಮೊದಲ ಕಂಬದಲ್ಲಿದ್ದದ್ದು ಹಳೆ ಪಾಲಿಕೆ, ಎರಡನೆಯದರಲ್ಲಿ ಬಿಬಿಎಂಪಿ. ಎರಡೂ ಅಂಕಿ ಜನಗಣತಿಯವೇ, ಎರಡೂ ಸರಿ. ತಪ್ಪಿದ್ದು ಅವುಗಳನ್ನು ಅಕ್ಕಪಕ್ಕ ನಿಲ್ಲಿಸಿ ನಾನು ಆಡಿದ ಮಾತು.

ಆ ಸ್ಲೈಡನ್ನು ಆಮೇಲೆ ಬಿಡಿಸಿ ಮತ್ತೆ ಕಟ್ಟಿದೆ. ಯಾವ ಕ್ರಮದಲ್ಲಿ ಕಟ್ಟಿದೆನೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ನಿಮ್ಮ ಚಾರ್ಟ್ ಮಾರಾಟದ್ದಿರಲಿ, ಮಳೆಯದ್ದಿರಲಿ, ಈ ಕ್ರಮದಲ್ಲೇ ಹೋಗಬಹುದು.

ಹೆಜ್ಜೆ 1: ಸ್ಲೈಡ್‌ನಲ್ಲಿರುವುದು ಚಾರ್ಟೋ, ಚಾರ್ಟಿನ ಫೋಟೋನೋ?

ಪವರ್‌ಪಾಯಿಂಟ್‌ನಲ್ಲಿ ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ. `Edit Data` ಎಂದು ಕಂಡರೆ ಅದು ನಿಜವಾದ ಚಾರ್ಟ್, ಅದರ ಹಿಂದೆ ಅಂಕಿಗಳಿವೆ. ಕಾಣದಿದ್ದರೆ ಯಾರೋ ಚಿತ್ರವಾಗಿ ಅಂಟಿಸಿದ್ದಾರೆ. ನನ್ನದು ಹಾಗೇ ಬಂದದ್ದು. ಒಂದು ಹಳೆಯ ಡೆಕ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ನನ್ನದಕ್ಕೆ. ಹೀಗೆ ಅಂಟಿಸುತ್ತಾ ಹೋದಾಗ ಮೊದಲು ಕತ್ತರಿಸಿಹೋಗುವುದು ಕೆಳಗಿನ ಸಣ್ಣ ಅಕ್ಷರದ ಸಾಲು. ಯಾವ ಗಡಿಯ ಲೆಕ್ಕ, ಎಲ್ಲಿಂದ ಬಂದದ್ದು ಎಂಬುದೆಲ್ಲ ಇರುವುದು ಅಲ್ಲೇ.

ಚಿತ್ರ ಕಳಿಸಿದವರನ್ನು ಕೇಳಿ ಮೂಲ ಎಕ್ಸೆಲ್ ತರಿಸಿಕೊಳ್ಳುವುದು ಒಳ್ಳೆಯದು. ಸಿಗದಿದ್ದರೆ ಅಳೆದು ಓದಬಹುದು. ಸೊನ್ನೆಯಿಂದ 100ರವರೆಗಿನ ಅಕ್ಷದ ಮೇಲೆ ಒಂದು ಚೌಕ ಎಳೆಯಿರಿ, ಕಂಬದ ಮೇಲೆ ಇನ್ನೊಂದು. ಎರಡರ `Height` ನೋಡಿ. ಅಕ್ಷ 10 ಸೆಂ.ಮೀ., ಕಂಬ 4.3 ಸೆಂ.ಮೀ. ಇದ್ದರೆ ಕಂಬದ ಬೆಲೆ ಸುಮಾರು 43. ಹೀಗೆ ಅಳೆದ ಅಂಕಿಗೆ ಬಾಯಲ್ಲೂ ಬರಹದಲ್ಲೂ ‘ಸುಮಾರು’ ಸೇರಿಸಿ. ಅಳತೆಯಿಂದ ಬಂದ ಅಂಕಿಗೆ ದಶಾಂಶ ಹಾಕಿದರೆ ನಿಮ್ಮಲ್ಲಿ ಇಲ್ಲದ ನಿಖರತೆಯನ್ನು ಇದೆ ಎಂದು ತೋರಿಸಿದಂತೆ.

ಇದರ ತಿರುಗುಮುರುಗಾದ ಅಪಾಯವೂ ಒಂದಿದೆ. ಎಕ್ಸೆಲ್‌ನಿಂದ ಅಂಟಿಸುವಾಗ ಇಡೀ ವರ್ಕ್‌ಬುಕ್ಕನ್ನೇ ಸ್ಲೈಡ್‌ನೊಳಗೆ ಹುದುಗಿಸುವ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಡೆಕ್ ಸಿಕ್ಕವರು ಬೇರೆ ಶೀಟ್‌ಗಳನ್ನೂ ತೆರೆದು ನೋಡಬಹುದು. ಸಂಬಳದ ಶೀಟ್ ಪಕ್ಕದಲ್ಲೇ ಇದ್ದರೆ ಏನಾಗುತ್ತದೆ, ಯೋಚಿಸಿ.

ಹೆಜ್ಜೆ 2: ಏರಿತೋ ಇಳಿಯಿತೋ ಎನ್ನುವ ಮೊದಲು, ಏನನ್ನು ಎಣಿಸಿದ್ದಾರೆ ಎಂದು ಒಂದು ವಾಕ್ಯ ಬರೆಯಿರಿ

ನಾನು ಎಡವಿದ್ದು ಇಲ್ಲೇ. ‘ಬೆಂಗಳೂರಿನ ಜನಸಂಖ್ಯೆ’ ಎಂಬುದು ಪೂರ್ತಿ ಉತ್ತರ ಅಲ್ಲ. ಜನಗಣತಿಯಲ್ಲಿ ಕನಿಷ್ಠ ಮೂರು ಬೆಂಗಳೂರುಗಳಿವೆ, ಮೂರಕ್ಕೂ ಮೂರು ಕಥೆ.

ಪಾಲಿಕೆಯ ಲೆಕ್ಕ ಹಿಡಿದರೆ 43 ಲಕ್ಷದಿಂದ 84 ಲಕ್ಷ, ಅಂದರೆ ಶೇ 96ರಷ್ಟು ಏರಿಕೆ. ಪಾಲಿಕೆಯ ಜೊತೆಗೆ ಅಂಟಿಕೊಂಡಂತೆ ಬೆಳೆದ ಊರುಗಳನ್ನೂ ಸೇರಿಸಿದ ‘ನಗರ ಸಮೂಹ’ದ ಲೆಕ್ಕ ಹಿಡಿದರೆ 57 ಲಕ್ಷದಿಂದ 85 ಲಕ್ಷ, ಹೆಚ್ಚುಕಮ್ಮಿ ಶೇ 49. ಬೆಂಗಳೂರು ನಗರ ಜಿಲ್ಲೆ ಹಿಡಿದರೆ 65 ಲಕ್ಷದಿಂದ 96 ಲಕ್ಷ, ಶೇ 47.

ಮೂರೂ ನಿಜ. ಆದರೆ ಮೊದಲನೆಯದರಲ್ಲಿ ಗಡಿ ಬದಲಾಗಿದೆ. ಆ ಹಿರಿಯರು ಎಲ್ಲಿಂದಲೋ ಬಂದವರಲ್ಲ, ಪಾಲಿಕೆಯೇ ಅವರ ಮನೆ ಬಾಗಿಲಿಗೆ ಬಂದದ್ದು. 2001 ಮತ್ತು 2011ರ ನಡುವೆ ಗಡಿ ಅಲುಗದೇ ಇದ್ದದ್ದು ಜಿಲ್ಲೆಯದು. ಹಾಗಾಗಿ ಜನ ಎಷ್ಟು ಹೆಚ್ಚಾದರು ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಶೇ 47. ಅದರಲ್ಲಿ ಆನೇಕಲ್ಲಿನ ಹಳ್ಳಿಗಳೂ ಸೇರಿವೆ, ಅದನ್ನೂ ಹೇಳಬೇಕು.

ಈ ಕಾಯಿಲೆ ಜನಗಣತಿಗೆ ಮಾತ್ರ ಅಂಟಿದ್ದಲ್ಲ. ಅಂಗಡಿಗಳ ಸಂಖ್ಯೆ ಹೆಚ್ಚಿದ ವರ್ಷದ ಒಟ್ಟು ಮಾರಾಟ, ದೂರು ಕೊಡಲು ಹೊಸ ಆ್ಯಪ್ ಬಂದ ತಿಂಗಳ ದೂರುಗಳ ಸಂಖ್ಯೆ, ಹೊಸ ಮಳೆಮಾಪಕ ಸೇರಿದ ಮೇಲಿನ ಸರಾಸರಿ, ಎಲ್ಲಕ್ಕೂ ಇದೇ ಪರೀಕ್ಷೆ. ಒಂದು ಕಂಬ ಇದ್ದಕ್ಕಿದ್ದಂತೆ ಪಕ್ಕದ್ದಕ್ಕಿಂತ ಬಹಳ ಎತ್ತರವಾಗಿ ನಿಂತಿದ್ದರೆ ಕಾರಣ ಹುಡುಕುವ ಮೊದಲು ಎಣಿಸುವ ರೀತಿ ಬದಲಾಯಿತಾ ಎಂದು ಕೇಳಿ. ನನ್ನ ಅನುಭವದಲ್ಲಿ ಅರ್ಧ ಸಲ ಉತ್ತರ ಅಲ್ಲೇ ಸಿಗುತ್ತದೆ.

ನಾನೀಗ ಪ್ರತಿ ಚಾರ್ಟಿಗೂ ಹೀಗೊಂದು ವಾಕ್ಯ ಬರೆದುಕೊಳ್ಳುತ್ತೇನೆ: “ಇದು ಬೆಂಗಳೂರು ನಗರ ಜಿಲ್ಲೆಯಲ್ಲಿ ಜನಗಣತಿಯ ದಿನ ಎಣಿಸಿದ ಜನ, ಲಕ್ಷಗಳಲ್ಲಿ, ಹತ್ತು ವರ್ಷಕ್ಕೊಮ್ಮೆ.” ಎಲ್ಲಿ, ಏನು, ಯಾವ ಅಳತೆಯಲ್ಲಿ, ಎಷ್ಟು ದಿನಕ್ಕೊಮ್ಮೆ, ನಾಲ್ಕೂ ಬಂದವು. ಈ ವಾಕ್ಯ ಬರೆಯಲು ಆಗದಿದ್ದರೆ ಆ ಚಾರ್ಟ್ ನಿಮಗೇ ಇನ್ನೂ ಗೊತ್ತಿಲ್ಲ. ಅದನ್ನು ಡೆಕ್‌ನಿಂದ ತೆಗೆದಿಡಿ.

ಹೆಜ್ಜೆ 3: ಏರಿಳಿತವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿ, ಆಮೇಲೆ ಒಂದನ್ನು ಆರಿಸಿ

ಎರಡು ಕಂಬದಿಂದ ಏರುವ ದಾರಿ ಗೊತ್ತಾಗುವುದಿಲ್ಲ. ಹಾಗಾಗಿ ನಗರ ಸಮೂಹದ ಹಳೆಯ ಅಂಕಿಗಳನ್ನೂ ತಂದೆ. 1981ರಲ್ಲಿ 29.2 ಲಕ್ಷ, 1991ರಲ್ಲಿ 41.3, 2001ರಲ್ಲಿ 57, 2011ರಲ್ಲಿ 85.2.

ಮೊದಲು ಎಷ್ಟು ಜನ ಸೇರಿದರು ಎಂದು ನೋಡೋಣ. ಮೊದಲ ಹತ್ತು ವರ್ಷದಲ್ಲಿ 12 ಲಕ್ಷ, ಮುಂದಿನ ಹತ್ತರಲ್ಲಿ ಸುಮಾರು 16 ಲಕ್ಷ, ಕೊನೆಯ ಹತ್ತರಲ್ಲಿ 28 ಲಕ್ಷ. ಪ್ರತಿ ಸಲವೂ ಹಿಂದಿನದಕ್ಕಿಂತ ಜಾಸ್ತಿ. ಈಗ ಶೇಕಡಾ ಲೆಕ್ಕ ನೋಡಿ. ಎಕ್ಸೆಲ್‌ನಲ್ಲಿ 1981ರ ಅಂಕಿ B2ನಲ್ಲಿ, 1991ರದ್ದು C2ನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=(C2-B2)/B2
```

ಸೂತ್ರವನ್ನು ಬಲಕ್ಕೆ ಎಳೆದು, ಶೇಕಡಾ ರೂಪದಲ್ಲಿ ತೋರಿಸಿದರೆ ಬರುವ ಉತ್ತರಗಳು ಶೇ 41, ಶೇ 38, ಶೇ 49. ಅಂದರೆ ತೊಂಬತ್ತರ ದಶಕದಲ್ಲಿ ಬೆಳವಣಿಗೆಯ ವೇಗ ಸ್ವಲ್ಪ ತಗ್ಗಿತ್ತು. ಚಾರ್ಟ್ ನೋಡಿದರೆ ಇದು ಕಾಣುವುದೇ ಇಲ್ಲ, ಏಕೆಂದರೆ ಕಂಬಗಳು ಎತ್ತರವಾಗುತ್ತಲೇ ಹೋಗಿವೆ. “ವೇಗ ಹೆಚ್ಚುತ್ತಲೇ ಇದೆ” ಎಂದು ನಾನು ಹೇಳಿದ್ದರೆ ಲೆಕ್ಕ ಗೊತ್ತಿರುವವರು ಅಲ್ಲೇ ಹಿಡಿಯುತ್ತಿದ್ದರು.

ಯಾವುದನ್ನು ಹೇಳಬೇಕು? ಕೇಳುಗರ ಕೆಲಸ ಏನು ಎಂಬುದರ ಮೇಲೆ ಹೋಗುತ್ತದೆ. ನೀರು, ಶಾಲೆ, ಬಸ್ಸಿನ ಮಾತಾದರೆ ಎಷ್ಟು ಜನ ಹೊಸದಾಗಿ ಸೇರಿದರು ಎಂಬುದೇ ಮುಖ್ಯ. ಶೇಕಡಾ ಕುಡಿದು ಯಾರಿಗೂ ಬಾಯಾರಿಕೆ ಹೋಗುವುದಿಲ್ಲ. ಎರಡು ಊರುಗಳ ಓಟ ತೋರಿಸಬೇಕಾದರೆ ಶೇಕಡಾ ಬೇಕು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ.

ಶೇ 49ನ್ನು ಹತ್ತರಿಂದ ಭಾಗಿಸಿ “ವರ್ಷಕ್ಕೆ ಶೇ 4.9” ಎನ್ನುವುದು ಬಹಳ ಕಡೆ ಕಾಣುವ ತಪ್ಪು. ಬಡ್ಡಿ ಮೇಲೆ ಬಡ್ಡಿಯ ಹಾಗೆ ಈ ವರ್ಷದ ಏರಿಕೆ ಹೋದ ವರ್ಷದ ಏರಿಕೆಯ ಮೇಲೆ ಕೂರುತ್ತದೆ. ಸರಿಯಾದ ಲೆಕ್ಕ ಇದು, ಉತ್ತರ ವರ್ಷಕ್ಕೆ ಸುಮಾರು ಶೇ 4.1:

```
=(85.2/57)^(1/10)-1
```

ಗೆರೆ ಚಾರ್ಟ್ ಆಗಿದ್ದರೆ ಇನ್ನೊಂದು ಮಾತು. 2001ರ ಚುಕ್ಕಿಯಿಂದ 2011ರ ಚುಕ್ಕಿಗೆ ನೆಟ್ಟಗೆ ಎಳೆದ ಗೆರೆಯ ಮೇಲೆ 2006 ಕೂಡ ಎಲ್ಲೋ ಇರುವಂತೆ ಕಾಣುತ್ತದೆ. ಆದರೆ 2006ರಲ್ಲಿ ಯಾರೂ ಎಣಿಸಿಲ್ಲ. ಅಲ್ಲಿ ಬೆರಳಿಟ್ಟು ಏನನ್ನೂ ಹೇಳಬೇಡಿ.

ಕನ್ನಡದಲ್ಲಿ ಹೇಳುವಾಗ ವಿಭಕ್ತಿಯೇ ಅಂಕಿಯನ್ನು ತಿರುಗಿಸುತ್ತದೆ

ಇದು ಹೆಜ್ಜೆ ಅಲ್ಲ, ನಡುವೆ ಬಂದ ಮಾತು. ಆದರೆ ಇಂಗ್ಲಿಷ್ ಡೆಕ್ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡುವವರು ಇಲ್ಲೇ ಜಾರುವುದು.

“ಶೇ 49ರಷ್ಟು ಏರಿದೆ” ಎಂದರೆ ಮೊದಲಿದ್ದದ್ದರ ಮೇಲೆ ಅಷ್ಟು ಸೇರಿತು ಎಂದು. “ಶೇ 49ಕ್ಕೆ ಏರಿದೆ” ಎಂದರೆ ಏರಿ ನಿಂತ ಜಾಗ 49 ಎಂದು. ಒಂದು ‘ಕ್ಕೆ’ಯಲ್ಲಿ ಇಡೀ ಅರ್ಥ ಬದಲಾಗುತ್ತದೆ. ಮೊದಲೇ ಶೇಕಡಾದಲ್ಲಿರುವ ಚಾರ್ಟ್ ಆದರೆ ಗೊಂದಲ ಇನ್ನೂ ಜಾಸ್ತಿ. ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇ 66.6 ಇತ್ತು, 2011ರಲ್ಲಿ ಶೇ 75.4. “ಶೇ 8.8ರಷ್ಟು ಏರಿಕೆ” ಎಂದರೆ ಒಬ್ಬರಿಗೆ ಒಂದು ಅರ್ಥ, ಇನ್ನೊಬ್ಬರಿಗೆ ಇನ್ನೊಂದು. ನನ್ನ ಉಪಾಯ ಸರಳ. ಎರಡು ತುದಿಯನ್ನೂ ಹೇಳಿಬಿಡುತ್ತೇನೆ: “ನೂರು ಜನರಲ್ಲಿ ಓದು ಬಲ್ಲವರು 67 ಇದ್ದರು, 75 ಆದರು.” ಕಳೆಯುವ ಕೆಲಸ ಕೇಳುಗರೇ ಮಾಡಿಕೊಳ್ಳುತ್ತಾರೆ.

‘ಪಟ್ಟು’ ಕೂಡ ಹಾಗೇ. “ಎರಡು ಪಟ್ಟು ಆಯಿತು” ಸ್ಪಷ್ಟ. “ಎರಡು ಪಟ್ಟು ಹೆಚ್ಚಾಯಿತು” ಎಂದರೆ ಎರಡಾಯಿತೋ ಮೂರಾಯಿತೋ? ‘ಆಯಿತು’ ಎಂದೇ ಹೇಳಿ. ಇನ್ನು ಅಕ್ಷದ ಮೇಲೆ 8.5M ಎಂದಿದ್ದರೆ ಬಾಯಲ್ಲಿ 85 ಲಕ್ಷ ಎನ್ನಿ. ಮಿಲಿಯನ್ ಎಂದೊಡನೆ ಅರ್ಧ ಸಭೆ ಮನಸ್ಸಿನಲ್ಲೇ ಸೊನ್ನೆ ಎಣಿಸಲು ಕೂರುತ್ತದೆ, ನಿಮ್ಮ ಮುಂದಿನ ಮಾತು ಕೇಳಿಸುವುದಿಲ್ಲ.

ಹೆಜ್ಜೆ 4: ಹೋಲಿಸುವಾಗ ಕಂಬದ ಬುಡ ನೋಡಿ

ಅದೇ ಡೆಕ್‌ನ ನಾಲ್ಕನೇ ಸ್ಲೈಡ್‌ನಲ್ಲಿ 2011ರ ಮೂರು ನಗರ ಸಮೂಹಗಳಿದ್ದವು. ಚೆನ್ನೈ 86.5 ಲಕ್ಷ, ಬೆಂಗಳೂರು 85.2, ಹೈದರಾಬಾದ್ ಸುಮಾರು 77. ಚಿತ್ರದಲ್ಲಿ ಬೆಂಗಳೂರಿನ ಕಂಬ ಹೈದರಾಬಾದಿನದಕ್ಕಿಂತ ಎರಡರಷ್ಟು ಎತ್ತರ ಇತ್ತು. ಹೇಗೆ? ಅಕ್ಷ ಸೊನ್ನೆಯಿಂದ ಅಲ್ಲ, 70ರಿಂದ ಶುರುವಾಗಿತ್ತು. 70ರ ಮೇಲೆ ಹೈದರಾಬಾದಿಗೆ ಉಳಿದದ್ದು 7, ಬೆಂಗಳೂರಿಗೆ 15. ಕಣ್ಣು ನೋಡುವುದು ಆ 7 ಮತ್ತು 15ನ್ನು. ನಿಜವಾದ ಅಂತರ ಶೇ 11ರಷ್ಟೇ.

ಕಂಬದ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು, ಇದರಲ್ಲಿ ನನಗೆ ರಾಜಿ ಇಲ್ಲ. ಕಂಬದಲ್ಲಿ ಎತ್ತರವೇ ಅಂಕಿ ತಾನೇ? ಗೆರೆ ಚಾರ್ಟಿಗೆ ಈ ನಿಯಮ ಅಷ್ಟು ಕಟ್ಟುನಿಟ್ಟಲ್ಲ, ಅಲ್ಲಿ ನಾವು ಓದುವುದು ಇಳಿಜಾರನ್ನು. ಚಿತ್ರವಾಗಿ ಅಂಟಿಸಿದ ಚಾರ್ಟನ್ನು ತಿದ್ದಲು ಆಗದಿದ್ದರೆ ಮೊದಲ ಮಾತಿನಲ್ಲೇ ಒಪ್ಪಿಕೊಳ್ಳಿ: “ಈ ಕಂಬಗಳು 70ರಿಂದ ಶುರುವಾಗಿವೆ, ಎತ್ತರ ನೋಡಬೇಡಿ, ಅಂಕಿ ನೋಡಿ.”

ಹೋಲಿಕೆಯ ಮಾತು ಕಟ್ಟುವಾಗ ಯಾರ ಜೊತೆ ಹೋಲಿಸುತ್ತಿದ್ದೇವೆ ಎಂಬುದು ಒಂದೇ ಇರಲಿ. ನಾನು ಮೂರು ಊರುಗಳನ್ನೂ ಸುತ್ತಿ ಬರಲು ಹೋಗಿ ಸಭೆಯನ್ನು ಸುಸ್ತು ಮಾಡಿದ್ದೆ. ಈಗ ಬೆಂಗಳೂರನ್ನು ನಡುವೆ ಇಟ್ಟುಕೊಂಡು ಎರಡೇ ವಾಕ್ಯ ಹೇಳುತ್ತೇನೆ. “2001ರಲ್ಲಿ ಬೆಂಗಳೂರು, ಹೈದರಾಬಾದ್ ಹೆಚ್ಚುಕಮ್ಮಿ ಒಂದೇ ಗಾತ್ರ, ತಲಾ 57 ಲಕ್ಷ, ಹತ್ತು ವರ್ಷದಲ್ಲಿ ಬೆಂಗಳೂರು 8 ಲಕ್ಷ ಮುಂದೆ ಹೋಯಿತು. ಚೆನ್ನೈ ಆಗ ನಮಗಿಂತ ಎಂಟೂವರೆ ಲಕ್ಷ ಮುಂದಿತ್ತು. 2011ಕ್ಕೆ ಆ ಅಂತರ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು.” ಇಲ್ಲೂ ಒಂದು ಹುಳುಕು ಇದೆ. ನಗರ ಸಮೂಹದ ಗಡಿಯನ್ನು ಪ್ರತಿ ಜನಗಣತಿಗೂ ಹೊಸದಾಗಿ ಗುರುತಿಸುತ್ತಾರೆ. ಹಾಗಾಗಿ ಒಂದು ಲಕ್ಷದ ಅಂತರ ಹಿಡಿದು ಯಾರು ದೊಡ್ಡವರು ಎಂದು ಜಗಳಕ್ಕೆ ಹೋಗಬೇಡಿ.

ಹೆಜ್ಜೆ 5: ಎಚ್ಚರಿಕೆಯ ಮಾತು ಎಲ್ಲಿರಬೇಕು?

ಎಲ್ಲ ಎಚ್ಚರಿಕೆಗಳನ್ನೂ ಕೊನೆಯಲ್ಲಿ ಒಟ್ಟಿಗೆ ಓದುವ ಅಭ್ಯಾಸ ನಮ್ಮಲ್ಲಿದೆ, ವಿಮೆ ಜಾಹೀರಾತಿನ ಕೊನೆಯ ಗಡಿಬಿಡಿಯ ಹಾಗೆ. ಅಷ್ಟರಲ್ಲಿ ಕೇಳುಗರು ಶೀರ್ಷಿಕೆಯನ್ನು ನಂಬಿ ಆಗಿರುತ್ತದೆ.

ನಾನು ಪ್ರತಿ ಎಚ್ಚರಿಕೆಗೂ ಒಂದೇ ಪ್ರಶ್ನೆ ಹಾಕುತ್ತೇನೆ. ಇದು ಗೊತ್ತಾದರೆ ಶೀರ್ಷಿಕೆ ಬದಲಾಗುತ್ತದಾ? ಪಾಲಿಕೆಯ ಗಡಿ ಬದಲಾದದ್ದು ಗೊತ್ತಾದರೆ ‘ದುಪ್ಪಟ್ಟು’ ಎಂಬ ಮಾತೇ ಬಿದ್ದುಹೋಗುತ್ತದೆ. ಅಂಥದ್ದು ಅಡಿಟಿಪ್ಪಣಿಗೆ ಹೋಗಬಾರದು, ಶೀರ್ಷಿಕೆಯನ್ನೇ ತಿದ್ದಬೇಕು. ಜಿಲ್ಲೆಯಲ್ಲಿ ಆನೇಕಲ್ಲಿನ ಹಳ್ಳಿಗಳು ಸೇರಿವೆ ಎಂಬುದು ಉತ್ತರವನ್ನು ತಿರುಗಿಸುವುದಿಲ್ಲ, ಆದರೆ ಯಾರಾದರೂ ಕೇಳುತ್ತಾರೆ. ಅದನ್ನು ಅಂಕಿಯ ಪಕ್ಕದಲ್ಲೇ ಅರ್ಧ ವಾಕ್ಯದಲ್ಲಿ ಹೇಳಿ. ದಶಾಂಶ ಬಿಟ್ಟಿದ್ದೇವೆ ಎಂಬಂಥದ್ದು ಕೆಳಗಿನ ಸಣ್ಣ ಅಕ್ಷರಕ್ಕೆ ಸಾಕು.

2021ರ ಕಂಬ ಇರುವ ಚಾರ್ಟ್ ಸಿಕ್ಕರೆ ನಿಲ್ಲಿ. 2021ರಲ್ಲಿ ಜನಗಣತಿ ನಡೆಯಲೇ ಇಲ್ಲ. ಆ ಕಂಬ ಯಾರದೋ ಅಂದಾಜು. ಅಂದಾಜನ್ನು ಎಣಿಕೆಯ ಬಣ್ಣದಲ್ಲೇ ತೋರಿಸಿದ್ದರೆ ಬಾಯಲ್ಲಾದರೂ ಬೇರೆ ಮಾಡಿ: “ಇಲ್ಲಿಯವರೆಗೆ ಎಣಿಸಿದ್ದು, ಇಲ್ಲಿಂದ ಮುಂದೆ ಊಹಿಸಿದ್ದು.”

ಹೆಜ್ಜೆ 6: ಈಗ ಮಾತು ಬರೆಯಿರಿ

ಸ್ಲೈಡ್‌ನ ಕೆಳಗಿನ `Notes` ಜಾಗದಲ್ಲಿ, ಆಡುವ ಹಾಗೇ ಬರೆಯಿರಿ. ನನ್ನ ಹೊಸ ಸ್ಲೈಡಿನ ಶೀರ್ಷಿಕೆ ‘ಬೆಂಗಳೂರು ನಗರ ಜಿಲ್ಲೆ: ಹತ್ತು ವರ್ಷದಲ್ಲಿ 31 ಲಕ್ಷ ಜನ ಜಾಸ್ತಿ’. ಕೆಳಗಿರುವ ಮಾತು ಇಷ್ಟು:

“ಇದು ಪಾಲಿಕೆಯ ಲೆಕ್ಕ ಅಲ್ಲ, ಇಡೀ ಬೆಂಗಳೂರು ನಗರ ಜಿಲ್ಲೆಯದು. ಆನೇಕಲ್ ಕಡೆಯ ಹಳ್ಳಿಗಳೂ ಇದರಲ್ಲಿವೆ. ಎಡಗಡೆಯ ಕಂಬ 2001, ಬಲಗಡೆಯದು 2011, ಎರಡೂ ಜನಗಣತಿಯ ಎಣಿಕೆ. 65 ಲಕ್ಷ ಇದ್ದದ್ದು 96 ಲಕ್ಷ ಆಯಿತು. ಇಬ್ಬರು ನೀರು ಕುಡಿಯುತ್ತಿದ್ದ ಕಡೆ ಹೆಚ್ಚುಕಮ್ಮಿ ಮೂವರು. ಪಾಲಿಕೆಯ ಲೆಕ್ಕದಲ್ಲಿ ದುಪ್ಪಟ್ಟು ಎಂದು ನೀವು ಓದಿರಬಹುದು. ನಡುವೆ ಪಾಲಿಕೆಯ ಗಡಿಯೇ ಮೂರು ಪಟ್ಟು ಆಯಿತು, ಅದಕ್ಕೆ ನಾವು ಜಿಲ್ಲೆಯ ಲೆಕ್ಕ ಹಿಡಿದಿದ್ದೇವೆ. 2011ರ ನಂತರದ ಎಣಿಕೆ ನಮ್ಮಲ್ಲಿಲ್ಲ.”

ಓದಲು ಒಂದು ನಿಮಿಷವೂ ಬೇಡ. ಬರೆದ ಮೇಲೆ ಪರೀಕ್ಷೆ ಮಾಡಿ. ಸ್ಲೈಡ್ ತೋರಿಸದೆ ಪಕ್ಕದ ಟೇಬಲ್ಲಿನವರಿಗೆ ಓದಿ ಹೇಳಿ, ಒಂದು ಹಾಳೆಯ ಮೇಲೆ ಚಾರ್ಟ್ ಬಿಡಿಸಲು ಹೇಳಿ. ಎರಡು ಕಂಬ, ಮೇಲೆ 65 ಮತ್ತು 96 ಬಂದರೆ ಮಾತು ಸರಿಯಾಗಿದೆ. ನಮ್ಮ ಆಫೀಸಿನ ಹುಡುಗ ಮೊದಲ ಸಲ ಮೂರು ಕಂಬ ಬಿಡಿಸಿದ್ದ, ‘ದುಪ್ಪಟ್ಟು’ ಎಂದು ಕೇಳಿದ್ದಕ್ಕೆ ಅದಕ್ಕೂ ಒಂದು ಕಂಬ! ಆ ವಾಕ್ಯವನ್ನು ಆಗ ಕೆಳಗೆ ತಳ್ಳಿದೆ. ಕಣ್ಣು ಕಾಣದವರು ಡೆಕ್ ಓದುವುದೂ ಇದೇ ಮಾತಿನಿಂದ. ಮೊದಲ ನಾಲ್ಕು ವಾಕ್ಯಗಳನ್ನು `Alt Text`ಗೆ ಹಾಕಿಬಿಡಿ, ‘ಕಂಬದ ಚಾರ್ಟ್’ ಎಂದಷ್ಟೇ ಬರೆದು ಬಿಡಬೇಡಿ.

ಈ ಸ್ಲೈಡಿಗೆ ಮುಂದೆ ಮತ್ತೆ ಕೆಲಸ ಇದೆ. ಮುಂದಿನ ಜನಗಣತಿಯ ಎಣಿಕೆಯ ದಿನ 2027ರ ಮಾರ್ಚ್ 1. ಅಷ್ಟರಲ್ಲಿ ಬಿಬಿಎಂಪಿಯೂ ಹೋಗಿ, 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾಗಿವೆ. ಅವುಗಳಲ್ಲಿ ಒಂದರ ಅಂಕಿಯನ್ನು 2011ರ 84 ಲಕ್ಷದ ಪಕ್ಕ ನಿಲ್ಲಿಸಿದರೆ ಬೆಂಗಳೂರು ಕುಗ್ಗಿದಂತೆ ಕಾಣುತ್ತದೆ. ಐದನ್ನೂ ಕೂಡಿಸಿ, ಹೊರಗಿನ ಗಡಿ ಹಳೆಯದೇನಾ ಎಂದು ನೋಡಿ, ಆಮೇಲೆ ಕಂಬ ಎಬ್ಬಿಸಿ. ಗಡಿ ಹೊಂದದಿದ್ದರೆ ಜಿಲ್ಲೆಯ ಅಂಕಿಗೇ ಹೋಗಿ, ಅಲ್ಲಿಯೂ ಗಡಿ ಅಲುಗಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ.